‘ಪಾಕ’: 12 ನಿಮಿಷದ ಕಿರುಚಿತ್ರ, ಮಹದೇವನ ಪಾತ್ರದ ಹಾದಿ

ಮಹದೇವ, 38. ಪಾಂಡವಪುರದ ಹತ್ತಿರದ ಆಲೆಮನೆಯಲ್ಲಿ ಪಾಕ ಇಳಿಸುವವನು. ತಣ್ಣೀರಿಗೆ ನಾಲ್ಕು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ಹೇಳುತ್ತಾನೆ. ಆ ಬೆರಳೇ ಅವನ ಹೆಮ್ಮೆ. ಹೊಣೆ ಮಾತ್ರ ಹೊರುವವನಲ್ಲ. ವ್ಯಾಪಾರಿ ‘ಯಾರ್ ಕಾಯ್ಸಿದ್ದು?’ ಅಂದರೆ ‘ಗೌಡ್ರ ಆಲೆಮನೇದು’ ಅಂತ ಜಾರಿಕೊಳ್ಳುತ್ತಾನೆ. ಸದ್ಯ ಅವನಿಗೆ ಬೇಕಿರುವುದು ಮಳೆಗಾಲಕ್ಕೆ ಮೊದಲು ಮನೆಗೆ ಶೀಟು ಹೊದಿಸಲು ಗೌಡರಿಂದ 30,000 ರೂಪಾಯಿ ಮುಂಗಡ.

ಮೊದಲ 3 ನಿಮಿಷ. ಕೊಪ್ಪರಿಗೆ ಕುದಿಯುತ್ತಿದೆ. ಬೆಲ್ಲಕ್ಕೆ ಬಣ್ಣ ಬರಿಸುವ ರಾಸಾಯನಿಕ, ಹೈಡ್ರೋಸ್ ಪುಡಿ ಹಾಕುವ ಮುನ್ನ ಒಂದು ಸೌಟು ತೆಗೆದು ತೆಂಗಿನ ಚಿಪ್ಪಿಗೆ ಹುಯ್ದು, ಮರೆಗೆ ಇಡುತ್ತಾನೆ. ಅದು ಮಗಳಿಗೆ. ಆಮೇಲೆ ಪುಡಿ ಬೀಳುತ್ತದೆ, ಪಾಕ ಹಳದಿಗೆ ತಿರುಗುತ್ತದೆ. ಇಲ್ಲಿ ಮಾತು ಬೇಡ. ಪುಡಿ ಒಳ್ಳೆಯದಲ್ಲ ಅಂತ ಅವನಿಗೆ ಗೊತ್ತು ಅನ್ನುವುದಕ್ಕೆ ಚಿಪ್ಪೊಂದೇ ಸಾಕು. ಹೆಂಡತಿ ಬಾಯಲ್ಲಿ ವಿವರಣೆ ಹಾಕಿದರೆ ಪಾತ್ರ ಅಲ್ಲೇ ಸಾಯುತ್ತದೆ.

4ರಿಂದ 6. ಗೌಡರು ಮುಂಗಡಕ್ಕೆ ಒಪ್ಪುತ್ತಾರೆ, ‘ಬಣ್ಣ ಬರ್ಲಿ, ಸಂಜೆ ಇಸ್ಕೊ’. ಮುಂದಿನ ಕೊಪ್ಪರಿಗೆ ನಿಂಗಮ್ಮನ ಕಬ್ಬಿನದು. ಅರೆದುಳಿದ ಕಬ್ಬಿನ ರಚ್ಚಿನ ರಾಶಿ ಪಕ್ಕ ಕೂತಿದ್ದವಳು ಮೆಲ್ಲಗೆ ಕೇಳುತ್ತಾಳೆ: ‘ಮಗೀಗೆ ಎತ್ತಿಟ್ಟಂಗೆ ನಂಗೂ ಒಂದಚ್ಚು ಎತ್ತಿಡಪ್ಪ.’ ಬೈಗುಳವಲ್ಲ, ಬೇಡಿಕೆ. ತನ್ನನ್ನು ಯಾರೋ ಇಷ್ಟು ದಿನ ನೋಡುತ್ತಿದ್ದರು ಅನ್ನುವುದು ಅವನಿಗೆ ಆಗ ತಿಳಿಯುತ್ತದೆ.

7ನೇ ನಿಮಿಷ, ತೀರ್ಮಾನ. ಪಾಕ ಹದಕ್ಕೆ ಬರುತ್ತಿದೆ, ತಡಮಾಡಿದರೆ ಸೀಯುತ್ತದೆ. ಪುಡಿಯ ಪೊಟ್ಟಣ ಕೈಯಲ್ಲಿದೆ. ಅವನು ಅದನ್ನು ಒಲೆಗೆ ಎಸೆಯುವುದಿಲ್ಲ (ನಟರು ಎಸೆಯೋಣ ಅನ್ನುತ್ತಾರೆ, ಬಿಡಬೇಡಿ). ಜೇಬಿಗೆ ಹಾಕಿಕೊಂಡು ‘ಇಳ್ಸ್ರೋ’ ಅಂತಾನೆ, ಅಷ್ಟೇ. ಈ ಘಳಿಗೆಯನ್ನು ಕೊನೆಗೆ ತಳ್ಳಿದರೆ ಅವನು ಪುಕ್ಕಟೆ ಹೀರೋ ಆಗುತ್ತಾನೆ. ಬೆಲೆ ತೆರುವುದನ್ನು ತೋರಿಸಲು 5 ನಿಮಿಷ ಬೇಕೇ ಬೇಕು.

8ರಿಂದ 10. ಅಚ್ಚು ಕಪ್ಪಗೆ ಬರುತ್ತದೆ. ಮುಂಗಡ ಹೋಯಿತು, ಕೆಲಸವೂ ಹೋಯಿತು. ದೊಡ್ಡ ಪೆಟ್ಟು ನಿಂಗಮ್ಮನಿಂದ. ಅವಳು ಕೇಳಿದ್ದು ಒಂದಚ್ಚು, ಇವನು ಇಡೀ ಕೊಪ್ಪರಿಗೆಯ ಬೆಲೆ ಇಳಿಸಿದ್ದಾನೆ. ‘ನನ್ ಕಬ್ನಲ್ಲಿ ನೀನ್ ಪುಣ್ಯ ಕಟ್ಕತೀಯೇನ್ಲಾ?’ ಇದಕ್ಕೆ ಅವನಲ್ಲಿ ಉತ್ತರವಿರಬಾರದು. ಸರಿಯಾದ ಕೆಲಸವನ್ನೂ ಬೇರೆಯವರ ಖರ್ಚಿನಲ್ಲೇ ಮಾಡಿದ್ದಾನೆ, ಹಳೇ ಚಾಳಿ ಇನ್ನೂ ಬಿಟ್ಟಿಲ್ಲ. ಪಾತ್ರದ ಹಾದಿಯ ನಿಜವಾದ ತಿರುವು ಇದು. 7ನೇ ನಿಮಿಷ ಬರೀ ಕದ ತೆರೆದದ್ದು.

11, 12. ಮಂಡ್ಯದ ಬೆಲ್ಲದ ಮಾರುಕಟ್ಟೆ. ನಿಂಗಮ್ಮನ ಬೆಲ್ಲ ಗಾಡಿಯಿಂದ ಇಳಿಸುವವನು ಮಹದೇವನೇ. ವ್ಯಾಪಾರಿ ಒಂದು ಅಚ್ಚು ಮುರಿದು, ಮೂಗು ಮುರಿದು, ‘ಯಾರ್ ಕಾಯ್ಸಿದ್ದು?’ ‘ನಾನೇ.’ ದರ ಕಡಿಮೆಯೇ ಬೀಳುತ್ತದೆ. ಕಮ್ಮಿಬಿದ್ದ ದುಡ್ಡಿಗೆ ಅವನು ತನ್ನ ಉಳಿದ ಕೂಲಿ ಸೇರಿಸಿ ಕೊಡುತ್ತಾನೆ. ನಿಂಗಮ್ಮ ಎಣಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಕ್ಷಮಿಸಿದಳೋ ಇಲ್ಲವೋ ಹೇಳುವುದಿಲ್ಲ. ಆ ಪಾತ್ರ ಮಾಡುವವರು ಇಲ್ಲಿ ನಗಬಾರದು.