ಗಂಟು

ಹಾವೇರಿ ದಾಟುವಾಗ ಅಣ್ಣ ಕೂಗಿಕೊಂಡ ಸದ್ದಿಗೇ ನನಗೆ ಎಚ್ಚರವಾಗಿದ್ದು. "ಪಾರ್ಸೆಲ್ ಎಲ್ಲಿ ಹೋತು?"

ಅವನ ಬ್ಯಾಗಿನ ಜಿಪ್ ತೆರೆದಿತ್ತು. ಬಟ್ಟೆ, ಚಾರ್ಜರ್, ಬಿಪಿ ಮಾತ್ರೆ ಎಲ್ಲ ಇತ್ತು. ಅದೊಂದೇ ಇರಲಿಲ್ಲ.

ದೊಡ್ಡ ಪಾರ್ಸೆಲ್ ಏನಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹುರಿಯಿಂದ ಕಟ್ಟಿದ್ದ ಕಾಗದದ ಕಟ್ಟು. ಅಣ್ಣನದು ಬಟ್ಟೆ ಅಂಗಡಿ, ಅವನು ಹಾಕಿದ ಗಂಟು ಬಿಚ್ಚೋಕೆ ಹಲ್ಲೇ ಬೇಕು. ಒಳಗಿದ್ದದ್ದು ಬೆಂಗಳೂರಿನ ಮನೆ ಖಾಲಿ ಮಾಡುವಾಗ ಅಪ್ಪನ ಟ್ರಂಕಿನಲ್ಲಿ ಸಿಕ್ಕ ಪತ್ರಗಳು. ಅದರ ನಡುವೆ ಅಪ್ಪನ ಕೈಬರಹದ ವಿಲ್, ಇಬ್ಬರು ಸಾಕ್ಷಿಗಳ ಸಹಿ ಸಮೇತ. ಹುಬ್ಬಳ್ಳಿ ಮನೆಯಲ್ಲಿ ಅರ್ಧ ಶಾಂತಕ್ಕನಿಗೆ ಅಂತ ಬರೆದಿದ್ದ. ರಿಜಿಸ್ಟರ್ ಮಾಡಿಸಿರಲಿಲ್ಲ, ನಕಲೂ ಇರಲಿಲ್ಲ. "ವಕೀಲರಿಗೆ ತೋರಸ್ತೀನಿ" ಅಂತ ಅಣ್ಣ ತಾನೇ ಇಟ್ಟುಕೊಂಡ. ಆದರೆ ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮೂಲೆಯಲ್ಲಿ ನಿಂತು ಫೋನಿನಲ್ಲಿ ಯಾರಿಗೋ "ಆ ಕಾಗದ ಇಲ್ಲದಿದ್ರ ಮುಗೀತಲ್ಲ" ಅಂದಿದ್ದು ನನಗೂ ಕೇಳಿಸಿತ್ತು. ಪಕ್ಕದ ಬೆಂಚಿನಲ್ಲಿ ಅವ್ವನೂ ಕೂತಿದ್ದಳು. ಆಕೆ ಏನೂ ಅನ್ನಲಿಲ್ಲ, ಸುಮ್ನೆ ತನ್ನ ಬಟನ್ ಫೋನ್ ತೆಗೆದು ದಾವಣಗೆರೆಗೆ ಹಚ್ಚಿ ಶಾಂತಕ್ಕನ ಮಂಡಿನೋವು ವಿಚಾರಿಸಿದಳು.

"ಆ ಮೂವತ್ತೊಂಬತ್ತರವನ ಕೆಲಸ" ಅಂದ ಅಣ್ಣ. ಸೈಡ್ ಲೋಯರಿನಲ್ಲಿ ಕೊಬ್ಬರಿ ಚೀಲ ಇಟ್ಟುಕೊಂಡಿದ್ದ ಮನುಷ್ಯ. ಪಾಪ, ಅವನು ಇಳಿದದ್ದು ಅರಸೀಕೆರೆಯಲ್ಲಿ. ಅಲ್ಲಿ ನಾನು ಚಹಾ ಕುಡಿದು ಬಂದು ಮತ್ತೆ ಮಲಗುವಾಗಲೂ ಪಾರ್ಸೆಲ್ ಅಣ್ಣನ ಕಾಲ ಬುಡದ ಬ್ಯಾಗಿನಿಂದ ಇಣುಕುತ್ತಿತ್ತು. ಅದನ್ನು ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ, 139ಕ್ಕೆ ಫೋನ್ ಮಾಡ್ತೀನಿ ಅಂತ ಎದ್ದ. ಸಿಗ್ನಲ್ ಸಿಗದೆ ಬಾಗಿಲ ಕಡೆ ಓಡಿದ.

ನಾನು ಕೂತು ಯೋಚನೆ ಮಾಡಿದೆ. ಕಳ್ಳನಾದವನು ಪಕ್ಕದಲ್ಲೇ ಇದ್ದ ಪರ್ಸ್ ಬಿಟ್ಟು ಕಾಗದ ಯಾಕೆ ಒಯ್ಯುತ್ತಾನೆ?

ರಾತ್ರಿ ಒಂದು ಸಲ ಅರೆನಿದ್ದೆಯಲ್ಲಿ ಕಣ್ಣು ಬಿಟ್ಟಿದ್ದೆ. ಕೆಳಗೆ ಅವ್ವ ಚಪ್ಪಲಿ ಮೆಟ್ಟುತ್ತಿದ್ದಳು. "ಎಲ್ಲಿಗೆ?" ಅಂದದ್ದಕ್ಕೆ "ಬಾತ್‌ರೂಮಿಗೆ, ನೀ ಮಲಕೋ" ಅಂದಳು. ಆಗ ರೈಲು ನಿಂತಿತ್ತು, ಹೊರಗೆ ಮಿರ್ಚಿ ಮಂಡಕ್ಕಿ ಮಾರುವವನ ದನಿ ಇತ್ತು. ಈಗ ನೆನಪಾಗಿ ಮೈ ಜುಮ್ಮೆಂದಿತು. ಯಾಕೆಂದರೆ ನಮ್ಮವ್ವ ನಿಲ್ದಾಣದಲ್ಲಿ ನಿಂತ ರೈಲಿನ ಶೌಚಾಲಯಕ್ಕೆ ಜನ್ಮದಲ್ಲಿ ಹೋದವಳಲ್ಲ. ಬೋರ್ಡಿನಲ್ಲಿ ಬರೆದದ್ದನ್ನು ಓದಿ ಪಾಲಿಸುವ ದೇಶದ ಕೆಲವೇ ಮಂದಿಯಲ್ಲಿ ಆಕೆ ಒಬ್ಬಳು. ಚಿಕ್ಕವರಿದ್ದಾಗ ನಮ್ಮನ್ನೂ ಹಾಗೇ ಗಾಡಿ ಬಿಡುವವರೆಗೆ ಕಾಲು ಜೋಡಿಸಿ ಕೂರಿಸುತ್ತಿದ್ದಳು.

"ಅವ್ವಾ, ಎಲಿ ಕೊಡ."

ಆಕೆ ಒಂದು ಕ್ಷಣ ನನ್ನ ಮುಖ ನೋಡಿ ಸಂಚಿ ದಾಟಿಸಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ. ಅದರ ಕೆಳಗೆ ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡಿದ್ದ ಹುರಿ. ಎಲ್ಲೂ ಕತ್ತರಿಸಿರಲಿಲ್ಲ. ಗಂಟನ್ನು ಪೂರ್ತಿ ಬಿಚ್ಚಿ, ವಿಲ್ ಒಳಗೆ ಇದೆಯೋ ಇಲ್ಲವೋ ಅಂತ ನೋಡಿ, ಕಾಗದ ಎಲ್ಲ ಕೊಟ್ಟು ಕಳಿಸಿದ್ದಾಳೆ, ಹುರಿ ಮಾತ್ರ ಬಿಸಾಡೋಕೆ ಮನಸ್ಸು ಬಂದಿಲ್ಲ. ನಮ್ಮನೆಯ ಹಾಲಿನ ಕವರೂ ತೊಳೆದು ಒಣಗುತ್ತವೆ, ಬಿಡಿ.

ನಾನು ಸಂಚಿ ಮುಚ್ಚಿ ವಾಪಸ್ ಕೊಟ್ಟೆ.

"ಹಸಿವಾಗ್ಯಾದೇನು?" ಅಂತ ಅವ್ವ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದಳು. ನಿನ್ನೆ ಯಶವಂತಪುರ ದಾಟುವ ಹೊತ್ತಿಗೇ ಚಪಾತಿ ಖಾಲಿಯಾಗಿ ಆ ಡಬ್ಬಿಯನ್ನು ನಾನೇ ತೊಳೆದು ಇಟ್ಟಿದ್ದೆ. ಈಗ ಅದು ಭಾರವಾಗಿತ್ತು. ಬೆಚ್ಚಗಿತ್ತು. ಮುಚ್ಚಳ ತೆರೆದರೆ ಉಪ್ಪಿಟ್ಟು, ಮೂಲೆಯಲ್ಲಿ ಶೇಂಗಾ ಚಟ್ನಿ.

ಮುಚ್ಚಳ ತಿರುಗಿಸಿದೆ. ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಅಲ್ಲಿ ಅವ್ವನ ಹೆಸರಿರಬೇಕಿತ್ತು. ಇದ್ದದ್ದು 'ಶಾಂತಾ'. ಅಕ್ಕನ ಮದುವೆಗೆ ಅಪ್ಪ ಒಂದೇ ಥರದ ಎರಡು ಡಬ್ಬಿ ತಂದಿದ್ದ, ಒಂದು ಇಲ್ಲಿಗೆ, ಒಂದು ಅಲ್ಲಿಗೆ.

ಮೂರು ಗಂಟೆಗೇ ಎದ್ದು ಉಪ್ಪಿಟ್ಟು ಮಾಡಿದ್ದಾಳೆ, ಆ ಮಂಡಿನೋವಿನಲ್ಲಿ.

ಅಣ್ಣ ಬೆವರುತ್ತ ವಾಪಸ್ ಬಂದ. "ಹುಬ್ಬಳ್ಳ್ಯಾಗ ಇಳಿದು ಕಂಪ್ಲೇಂಟ್ ಕೊಡ್ರಿ ಅಂದ್ರು." ಧಪ್ಪಂತ ಕೂತ. ಅವನ ಮೂಗು ಅರಳಿತು. "ಇದೆಲ್ಲಿಂದ ಬಂತು?"

ಅವ್ವ ಕಿಟಕಿ ಕಡೆ ತಿರುಗಿದಳು. ಹೊರಗೆ ಬೆಳಕು ಹರಿಯುತ್ತಿತ್ತು.

"ಹಾವೇರಿಯಾಗ ತಗೊಂಡೆ" ಅಂದೆ, ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು. "ತಿನ್ನು, ಬಿಸಿ ಐತಿ."