ಕೆಂಪು ದೀಪ

"ಟಿವಿ ಸತ್ತೇ ಹೋಯ್ತು ಮಾಮ" ಎನ್ನುತ್ತಾ ಪಕ್ಕದ ಮನೆಯ ಸೊಸೆ ಬಾಗಿಲಿಗೆ ಬಂದಾಗ ರಾಯರು ಪೇಪರ್ ಮಡಿಸಿಟ್ಟು ಎದ್ದರು. ರಿಪೇರಿ ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಚೀಲ ಮಾತ್ರ ಬಾಗಿಲ ಹಿಂದಿನ ಮೊಳೆಯಲ್ಲಿ ಇನ್ನೂ ನೇತಾಡುತ್ತಿತ್ತು.

ನಿನ್ನೆ ಸಂಜೆಯಿಂದ ಹೀಗೇ ಅಂತೆ. ರಿಮೋಟಿಗೆ ಹೊಸ ಸೆಲ್ ಹಾಕಿದ್ದಾಯಿತು. ಫೋನಿನಲ್ಲಿ ಕೇಳಿದ ಮೆಕ್ಯಾನಿಕ್ ಸೆಟ್ ನೋಡದೆಯೇ "ಬೋರ್ಡ್ ಹೋಗಿರುತ್ತೆ, ಹೊಸದೇ ತಗೊಳ್ಳಿ" ಅಂದನಂತೆ. ಅವಳ ಹತ್ತು ವರ್ಷದ ಮಗ ಆಗಲೇ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದ.

"ಕೆಂಪು ದೀಪ?"

"ಅದೂ ಇಲ್ಲ ಮಾಮ."

ಪಕ್ಕದ ಸೆಟ್ ಟಾಪ್ ಬಾಕ್ಸಿನ ದೀಪ ಉರಿಯುತ್ತಿತ್ತು. ಎರಡೂ ಒಂದೇ ಸ್ವಿಚ್ ಬೋರ್ಡಿನವು. ಅಂದರೆ ಕರೆಂಟು ಅಲ್ಲಿಯವರೆಗೆ ಬಂದಿದೆ.

"ನಿನ್ನೆ ಟಿವಿಗೆ ಏನಾದ್ರೂ ಮಾಡಿದ್ರಾ?"

"ಏನೂ ಮಾಡಿಲ್ಲ."

ನಲವತ್ತು ವರ್ಷ ಎಲ್ಲ ಗಿರಾಕಿಗಳೂ ಇದನ್ನೇ ಹೇಳಿದ್ದರು. ರಾಯರು ಮಾತು ಬೆಳೆಸದೆ ಮಂಡಿಯೂರಿ ಟಿವಿಯ ಹಿಂದಕ್ಕೆ ಬಗ್ಗಿದರು. ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಪಿಕ್ಚರ್ ಟ್ಯೂಬಿನ ಕಾಲದ ಅಭ್ಯಾಸ ಅದು. ಒಳಗೆ ಇಪ್ಪತ್ತು ಸಾವಿರ ವೋಲ್ಟು ದಾಟುವ ಪೆಟ್ಟಿಗೆಗೆ ಎರಡೂ ಕೈ ಹಾಕಿದರೆ ಕರೆಂಟು ಎದೆಯ ಮೂಲಕವೇ ಹಾಯುತ್ತದೆ ಎಂದು ಗುರುಗಳು ಕಲಿಸಿದ್ದರು. ಈ ಚಪ್ಪಟೆ ಹಲಗೆಗೆ ಅದೆಲ್ಲ ಬೇಕಿಲ್ಲ, ಆದರೆ ಕೈಗೆ ಅದು ಗೊತ್ತಿಲ್ಲವಲ್ಲ.

ಟಾರ್ಚ್ ಬೆಳಕಿನಲ್ಲಿ ಹಿಂಬದಿಯೆಲ್ಲ ಬೂದು ಧೂಳು. ಕರೆಂಟಿನ ವೈರಿನ ಮೇಲೂ ಅದೇ ಧೂಳು, ತುದಿಯ ಕಪ್ಪು ಪಿನ್ನಿನವರೆಗೆ. ಆಮೇಲೆ ಸೆಟ್ಟಿಗೆ ಸೇರುವ ಕಡೆ, ಉಗುರಿನಷ್ಟು ಅಗಲ, ಧೂಳೇ ಇಲ್ಲದೆ ಫಳಫಳ ಹೊಳೆಯುವ ಪಟ್ಟಿ. ಇಷ್ಟು ದಿನ ಒಳಗೆ ಕೂತಿದ್ದ ಭಾಗ ಹೊರಗೆ ಬಂದಿತ್ತು.

"ಜೇಡರ ಬಲೆ ತೆಗೆದ್ರಾ ಇಲ್ಲಿ?"

"ಹೌದು, ಸ್ವಲ್ಪ ಮುಂದಕ್ಕೆ ಎಳೆದು..." ಅವಳು ನಾಲಿಗೆ ಕಚ್ಚಿಕೊಂಡಳು.

"ಸ್ವಿಚ್ ಆಫ್ ಮಾಡಮ್ಮ."

ಹೆಬ್ಬೆರಳಿನಿಂದ ಒತ್ತಿದರು. ಟಕ್ ಎಂದು ಪಿನ್ನು ಕೂತಿತು. ಹೊಳೆಯುವ ಪಟ್ಟಿ ಕಾಣದಾಯಿತು.

"ಈಗ ಹಾಕು."

ಕೆಂಪು ದೀಪ ಹತ್ತಿತು. ರಿಮೋಟ್ ಒತ್ತಿದೊಡನೆ ಯಾರೋ ಜೋರಾಗಿ ಸುದ್ದಿ ಓದತೊಡಗಿದರು. ಅವಳು ನಗಬೇಕೋ ನಾಚಬೇಕೋ ತಿಳಿಯದೆ ಒಳಗೆ ಗಂಡನಿಗೆ ಫೋನ್ ಮಾಡಲು ಓಡಿದಳು.

ರಾಯರು ಚೀಲದ ಜಿಪ್ಪನ್ನೂ ತೆರೆದಿರಲಿಲ್ಲ. ಅದು ಅವರಿಗೆ ಒಂಚೂರು ಬೇಜಾರೇ.

ಹೊರಡುವಾಗ ಹುಡುಗ ಅವರ ಅಂಗಿಯ ತುದಿ ಜಗ್ಗಿದ. ಟೇಪು ಇನ್ನೂ ಕೈಯಲ್ಲೇ ಇತ್ತು. ಅಡುಗೆಮನೆಯ ಕಡೆ ಒಮ್ಮೆ ನೋಡಿ, ಪಿಸುದನಿಯಲ್ಲಿ ಕೇಳಿದ:

"ಅಜ್ಜಾ, ಅದನ್ನ ಮತ್ತೆ ಒಂಚೂರು ಎಳೆದುಬಿಡ್ತೀರಾ?"