ನಿಮ್ಮ ಪಂಪ್‌ಸೆಟ್ ಅಂಗಡಿಗೆ ವರ್ಚುವಲ್ ನಂಬರ್: ಪ್ಲಾನ್ ಮತ್ತು ದರದ ವಿವರ

ನಮಸ್ಕಾರ ಸರ್,

ಮೊನ್ನೆ ದಾವಣಗೆರೆಯ ನಿಮ್ಮ ಅಂಗಡಿಯಲ್ಲಿ ಅರ್ಧ ಗಂಟೆ ಕೂತಿದ್ದೆ. ನೀವು ತಾಮ್ರದ ತಂತಿ ತೂಗುತ್ತಿದ್ದಾಗ ಫೋನ್ ನಾಲ್ಕು ಸಲ ಬಡಿದುಕೊಂಡಿತು, ಎತ್ತುವುದಕ್ಕೆ ಆದದ್ದು ಒಂದೇ ಸಲ. ಉಳಿದ ಮೂರೂ ರೈತರದ್ದೇ ಇರಬೇಕು. ಅದನ್ನೇ ಮನಸ್ಸಲ್ಲಿ ಇಟ್ಟುಕೊಂಡು ಈ ಲೆಕ್ಕ ಹಾಕಿದ್ದೇನೆ.

08192ರಿಂದ ಶುರುವಾಗುವ ಒಂದೇ ನಂಬರ್ ಕೊಡುತ್ತೇವೆ. ಹೊಸ ಫೋನ್, ಹೊಸ ಸಿಮ್ ಏನೂ ಬೇಡ. ಕರೆ ನಿಮ್ಮ ಮತ್ತು ಹುಡುಗರ ಮೊಬೈಲ್‌ಗೇ ಬರುತ್ತದೆ. ತಿಂಗಳ ಪ್ಲಾನ್ ಮೂರಿವೆ. ಎಕ್ಸ್‌ಟೆನ್ಷನ್ ಅಂದರೆ ಕರೆ ಹೋಗುವ ಒಬ್ಬೊಬ್ಬರ ಫೋನ್.

ಸಣ್ಣ ಪ್ಲಾನ್: ₹799. 1,000 ನಿಮಿಷ, 3 ಎಕ್ಸ್‌ಟೆನ್ಷನ್. ರೆಕಾರ್ಡಿಂಗ್ 30 ದಿನ, 1 ಜಿಬಿ. ಮೇಲಿನ ಪ್ರತಿ ನಿಮಿಷಕ್ಕೆ 90 ಪೈಸೆ.
ಮಧ್ಯಮ ಪ್ಲಾನ್: ₹1,799. 3,000 ನಿಮಿಷ, 8 ಎಕ್ಸ್‌ಟೆನ್ಷನ್. ರೆಕಾರ್ಡಿಂಗ್ 90 ದಿನ, 5 ಜಿಬಿ. ಮೇಲಿನ ಪ್ರತಿ ನಿಮಿಷಕ್ಕೆ 75 ಪೈಸೆ.
ದೊಡ್ಡ ಪ್ಲಾನ್: ₹3,999. 8,000 ನಿಮಿಷ, 20 ಎಕ್ಸ್‌ಟೆನ್ಷನ್. ರೆಕಾರ್ಡಿಂಗ್ 180 ದಿನ, 15 ಜಿಬಿ. ಮೇಲಿನ ಪ್ರತಿ ನಿಮಿಷಕ್ಕೆ 60 ಪೈಸೆ.

ಎಲ್ಲದಕ್ಕೂ 18% ಜಿಎಸ್‌ಟಿ ಬೇರೆ. ಉಳಿದ ನಿಮಿಷ ಮುಂದಿನ ತಿಂಗಳಿಗೆ ಹೋಗುವುದಿಲ್ಲ.

ನಿಮಗೆ ಮಧ್ಯಮ ಪ್ಲಾನೇ ಸರಿ. ನೀವು ಹೇಳಿದಂತೆ ದಿನಕ್ಕೆ 55 ಕರೆ, ತಿಂಗಳಲ್ಲಿ 26 ದಿನ, ಅಂದರೆ 1,430 ಕರೆ. ಒಂದು ಕರೆ ಸರಾಸರಿ ಒಂದೂವರೆ ನಿಮಿಷ. ಇಲ್ಲಿ ಒಂದು ವಿಷಯ ಗಮನಿಸಿ: ಎಣಿಕೆ ಪೂರ್ತಿ ನಿಮಿಷದಲ್ಲಿ. 1 ನಿಮಿಷ 4 ಸೆಕೆಂಡ್ ಮಾತಾಡಿದರೂ 2 ನಿಮಿಷ ಲೆಕ್ಕ. ಹಾಗಾಗಿ ಪ್ರತಿ ಕರೆಗೆ 2 ನಿಮಿಷ ಹಿಡಿದಿದ್ದೇನೆ, ಒಟ್ಟು 2,860. ಇದು 3,000ದ ಒಳಗೇ ಇದೆ. ಸಣ್ಣ ಪ್ಲಾನ್ ತಗೊಂಡರೆ ಮೇಲಿನ 1,860 ನಿಮಿಷಕ್ಕೆ ₹1,674 ಬಿದ್ದು, ಒಟ್ಟು ₹2,473 ಆಗುತ್ತದೆ. ಅಗ್ಗ ಅಂತ ಹೋಗಿ ಜಾಸ್ತಿ ಕೊಟ್ಟಂತೆ, ಅಲ್ವಾ?

ಬೇಸಿಗೆಯಲ್ಲಿ ದಿನಕ್ಕೆ 90 ಕರೆ ಬರುತ್ತದೆ ಅಂದಿರಿ. ಆಗ 4,680 ನಿಮಿಷ. ಮೇಲಿನ 1,680ಕ್ಕೆ ₹1,260, ಪ್ಲಾನ್ ಸೇರಿ ₹3,059, ಜಿಎಸ್‌ಟಿ ಸೇರಿ ₹3,609.62. ಆಗಲೂ ದೊಡ್ಡ ಪ್ಲಾನ್ ಬೇಡ. ತಿಂಗಳಿಗೆ ಸುಮಾರು 5,900 ನಿಮಿಷ ದಾಟಿದರೆ ಮಾತ್ರ ಅದು ಲಾಭ.

ನಿಮಿಷ ಸುಮ್ನೆ ಖರ್ಚಾಗುವ ಕಡೆ ಮೂರಿವೆ. ಸ್ವಾಗತದ ಮಾತು ಶುರುವಾದ ಕೂಡಲೇ ಎಣಿಕೆ ಶುರು. ಆದ್ದರಿಂದ ಆ ಮಾತನ್ನು ಹತ್ತು ಸೆಕೆಂಡ್ ಒಳಗೆ ಮುಗಿಸೋಣ: "ನಮಸ್ಕಾರ. ಈ ಕರೆ ರೆಕಾರ್ಡ್ ಆಗುತ್ತದೆ. ಬಿಡಿಭಾಗಕ್ಕೆ 1, ರಿಪೇರಿಗೆ 2, ಬಿಲ್ ವಿಚಾರಕ್ಕೆ 3 ಒತ್ತಿ." ನೀವು ಕರೆ ಎತ್ತದಿದ್ದರೂ 1 ನಿಮಿಷ ಹೋಗುತ್ತದೆ. ಆದರೆ ಯಾರು ಕರೆದರು ಎಂಬ ಮೆಸೇಜ್ ತಕ್ಷಣ ನಿಮಗೆ ಬರುತ್ತದೆ. ನಮ್ಮ ಆ್ಯಪ್‌ನಿಂದ ನೀವೇ ಗ್ರಾಹಕರಿಗೆ ಕರೆ ಮಾಡಿದರೆ ನಿಮಿಷ ಎರಡರಷ್ಟು. ನಿಮ್ಮ ಮೊಬೈಲ್‌ಗೆ ಒಂದು ಕರೆ, ಅವರ ಮೊಬೈಲ್‌ಗೆ ಇನ್ನೊಂದು ಹೋಗುವುದರಿಂದ ಹಾಗೆ. ಮೇಲಿನ ಲೆಕ್ಕದಲ್ಲಿ ಬರುವ ಕರೆ ಮಾತ್ರ ಇದೆ.

ಎಕ್ಸ್‌ಟೆನ್ಷನ್ ನಿಮಗೆ ಈಗ ಐದು ಸಾಕು: ಕೌಂಟರ್, ಇಬ್ಬರು ಮೆಕ್ಯಾನಿಕ್, ಲೆಕ್ಕ, ಮತ್ತು ನೀವು. ಎಂಟು ಮೀರಿದರೆ ತಲಾ ₹120. 2 ಒತ್ತಿದರೆ ಇಬ್ಬರೂ ಮೆಕ್ಯಾನಿಕ್‌ಗಳ ಫೋನ್ ಒಟ್ಟಿಗೆ ರಿಂಗ್ ಆಗುತ್ತದೆ. ಎತ್ತಿದವರದ್ದು ಮಾತ್ರ ಲೆಕ್ಕ.

ರೆಕಾರ್ಡಿಂಗ್ ಒಂದು ನಿಮಿಷಕ್ಕೆ ಸುಮಾರು 0.24 ಎಂಬಿ ಹಿಡಿಯುತ್ತದೆ. ಬೇಸಿಗೆಯ 90 ದಿನಕ್ಕೂ ಮೂರೂವರೆ ಜಿಬಿ ದಾಟದು. ಹಾಗಾಗಿ ಜಾಗದ ಚಿಂತೆ ಇಲ್ಲ, ದಿನದ ಮಿತಿಯೇ ಮುಖ್ಯ. 91ನೇ ದಿನ ಫೈಲ್ ತಾನಾಗೇ ಅಳಿಯುತ್ತದೆ, ಮತ್ತೆ ಸಿಗುವುದಿಲ್ಲ. ವೈಂಡಿಂಗ್ ಗ್ಯಾರಂಟಿ ಒಂದು ವರ್ಷ ಕೊಡುತ್ತೀರಿ. ಜಗಳ ಬಂದಾಗ ಹಳೆ ಮಾತು ಬೇಕಾಗುತ್ತದೆ. ತಿಂಗಳಿಗೆ ₹150 ಕೊಟ್ಟರೆ ಒಂದು ವರ್ಷ ಇಡುತ್ತೇವೆ, 5 ಜಿಬಿ ಜಾಗವೂ ಹೆಚ್ಚುತ್ತದೆ. ಬೇಡವೆಂದರೆ ಗ್ಯಾರಂಟಿ ಮಾತಿನ ಕರೆಗಳನ್ನಷ್ಟೇ ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅದಕ್ಕೆ ಚಾರ್ಜ್ ಇಲ್ಲ. ನಾನಾಗಿದ್ದರೆ ₹150 ಕೊಡುತ್ತಿದ್ದೆ.

ನಿಮಿಷ 80% ಮುಗಿದಾಗ ಒಂದು, ಪೂರ್ತಿ ಮುಗಿದಾಗ ಇನ್ನೊಂದು ಮೆಸೇಜ್ ಬರುತ್ತದೆ. ಹೆಚ್ಚುವರಿ ಚಾರ್ಜ್‌ಗೆ ₹1,500 ಮಿತಿ ಹಾಕಿದ್ದೇನೆ. ಅದು ಮುಟ್ಟಿದರೆ ನಾವೇ ಕರೆ ಮಾಡುತ್ತೇವೆ. ನಿಮ್ಮ ಒಪ್ಪಿಗೆ ಇಲ್ಲದೆ ಒಂದು ರೂಪಾಯಿಯೂ ಮೇಲೆ ಹೋಗದು, ಆದರೆ ನೀವು ಒಪ್ಪುವವರೆಗೆ ಕರೆ ನಿಮಗೆ ತಲುಪುವುದಿಲ್ಲ. ಮಾರ್ಚ್‌ನಲ್ಲಿ ಆ ಮೆಸೇಜ್ ನೋಡುತ್ತಿರಿ.

ಈ ನಂಬರ್‌ನಿಂದ ಜಾಹೀರಾತಿನ ಕರೆ ಮಾಡುವಂತಿಲ್ಲ, ಅದಕ್ಕೆ 140ರಿಂದ ಶುರುವಾಗುವ ನಂಬರ್ ಸರಣಿ ಬೇರೆ ಇದೆ. ತುರ್ತಿಗೆ 112ನ್ನು ನೇರ ಮೊಬೈಲ್‌ನಿಂದಲೇ ಒತ್ತಿ.

ಅಂಗಡಿಯ ಜಿಎಸ್‌ಟಿ ಸರ್ಟಿಫಿಕೇಟ್, ಪ್ಯಾನ್, ನಿಮ್ಮ ಗುರುತಿನ ಚೀಟಿ, ಇವಿಷ್ಟರ ಫೋಟೋ ಈ ಮೇಲ್‌ಗೇ ಕಳಿಸಿ. ಈ ದರ 15 ದಿನ ಇರುತ್ತದೆ. ಸ್ವಾಗತದ ಮಾತನ್ನು ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡೋಣ. ರೈತರಿಗೆ ಆ ದನಿ ಗೊತ್ತು.

ಇಂತಿ,
ಸೇಲ್ಸ್ ವಿಭಾಗ